ಹಬೆ ಪೌಚ್ ಮೇಲೆ ಬೇಡ, ಫೋಟೊದಲ್ಲಿರಲಿ

ಪ್ರಶ್ನೆ: ನಾನು ಸಣ್ಣ ಪ್ರಮಾಣದಲ್ಲಿ ಕಾಫಿ ಬೀಜ ಹುರಿದು ಮಾರುತ್ತೇನೆ, ಜೊತೆಗೆ ಎರಡು ಬಗೆಯ ಟೀ ಕೂಡ ಇದೆ. ಮಣ್ಣಿನ ಸೊಗಡು ಬರಲಿ ಅಂತ ಕಂದು ಕ್ರಾಫ್ಟ್ ಪೌಚ್ ಮೇಲೆ ಬೀಜ, ಎಲೆ, ಹಬೆಯಾಡುವ ಕಪ್ ಇರುವ ಫೋಟೊ ಪ್ರಿಂಟ್ ಮಾಡಿಸಿದೆ. ಕಂಪ್ಯೂಟರಿನಲ್ಲಿ ಚೆಂದವಿದ್ದದ್ದು ಕೈಗೆ ಬಂದಾಗ ಕೆಸರು ಬಳಿದ ಹಾಗಿತ್ತು. ಫೋನಿನಲ್ಲಿ ನಾನೇ ಫೋಟೊ ತೆಗೆದರೆ ಹಬೆ ಬೀಳುವುದೇ ಇಲ್ಲ, ಬೀಜ ಇದ್ದಿಲಿನಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಪೌಚ್ ವಿಷಯ ಮುಗಿಸೋಣ, ಏಕೆಂದರೆ ಅಲ್ಲಿ ದುಡ್ಡು ಹೋಗಿದೆ. ನಿಮ್ಮ ಪ್ರೆಸ್‌ನವರು ಕೆಲಸ ಕೆಡಿಸಿಲ್ಲ. ಆ ಚಿತ್ರ ಆ ಕಾಗದದ ಮೇಲೆ ಹಾಗೆಯೇ ಬರುತ್ತದೆ, ಯಾರು ಅಚ್ಚು ಹಾಕಿದರೂ ಅಷ್ಟೇ. ಅಚ್ಚು ಹಾಕುವ ಮೊದಲು ಅವರು ನಿಮಗೆ ಹೇಳಬೇಕಿತ್ತು, ಅದು ನಿಜ.

ಬಣ್ಣದ ಮುದ್ರಣಕ್ಕೆ ಬಳಸುವ ನಾಲ್ಕು ಇಂಕುಗಳು ಬಣ್ಣದ ಗಾಜಿನ ಹಾಗೆ ಪಾರದರ್ಶಕ. ಬೆಳಕು ಅವುಗಳ ಮೂಲಕ ಇಳಿದು, ಕೆಳಗಿನ ಕಾಗದಕ್ಕೆ ಬಡಿದು, ಮತ್ತೆ ಅವುಗಳ ಮೂಲಕವೇ ಹಿಂದಕ್ಕೆ ಬರುತ್ತದೆ. ಚಿತ್ರದಲ್ಲಿ ಬಿಳಿ ಇರುವ ಕಡೆ ಯಂತ್ರ ಇಂಕನ್ನೇ ಹಾಕುವುದಿಲ್ಲ, ಕಾಗದದ ಬಿಳುಪೇ ಅಲ್ಲಿ ಬಿಳಿಯಾಗಿ ಕಾಣುತ್ತದೆ. ಕ್ರಾಫ್ಟ್ ಎಂದರೆ ಬಿಳುಪು ಮಾಡದ ತಿರುಳಿನ ಕಾಗದ, ಮರದ ಲಿಗ್ನಿನ್ ಉಳಿದಿರುವುದರಿಂದ ಅದಕ್ಕೆ ಆ ಕಂದು ಬಣ್ಣ. ಹಾಗಾಗಿ ನಿಮ್ಮ ಬಿಳಿ ಕಪ್ ಕಂದಾಯಿತು, ಹಬೆಯೂ ಕಂದಾಯಿತು. ಇನ್ನು ಬೀಜ ಮೊದಲೇ ಕಂದು. ಕಂದಿನ ಮೇಲೆ ಕಂದು ಬಿದ್ದರೆ ಕಣ್ಣಿಗೆ ಅಂಚು ಸಿಗುವುದಿಲ್ಲ. ಇದು ಸಾಲದೆಂಬಂತೆ ಲೇಪನವಿಲ್ಲದ ಕಾಗದ ಇಂಕನ್ನು ಹೀರುತ್ತದೆ, ಒಂದೊಂದು ಚುಕ್ಕಿಯೂ ಸ್ವಲ್ಪ ಹರಡಿ ಪಕ್ಕದ ಚುಕ್ಕಿಯನ್ನು ಮುಟ್ಟುತ್ತದೆ, ನೆರಳಿನ ಭಾಗಗಳೆಲ್ಲ ಮುಚ್ಚಿಕೊಳ್ಳುತ್ತವೆ. ನೀವು ಹೇಳಿದ ಕೆಸರು ಇದೇ.

ಪರದೆಯ ಮೇಲೆ ಇದು ಮೊದಲೇ ಏಕೆ ಗೊತ್ತಾಗಲಿಲ್ಲ? ಪರದೆಯಲ್ಲಿ ನೀವು ನೋಡಿದ್ದು ಬಹುಶಃ ಕ್ರಾಫ್ಟ್ ಚಿತ್ರದ ಮೇಲೆ ಅಂಟಿಸಿದಂತಿದ್ದ ಫೋಟೊ. ಪರದೆಗೆ ತನ್ನದೇ ಬೆಳಕಿದೆ, ಅದು ಕಂದಿನ ಮೇಲೂ ಬಿಳಿ ತೋರಿಸಬಲ್ಲದು. ಮುಂದಿನ ಸಲ ಹೀಗೆ ಮಾಡಿ. ಖಾಲಿ ಪೌಚ್ ಒಂದನ್ನು ಸ್ಕ್ಯಾನ್ ಮಾಡಿ ಕೆಳಗಿನ ಲೇಯರ್ ಆಗಿ ಇಡಿ, ನಿಮ್ಮ ಚಿತ್ರವನ್ನು ಅದರ ಮೇಲಿಟ್ಟು ಲೇಯರ್ ಮೋಡ್ ಅನ್ನು `Multiply` ಮಾಡಿ. ಪಾರದರ್ಶಕ ಇಂಕು ಕಂದು ಕಾಗದದ ಮೇಲೆ ಏನು ಮಾಡುತ್ತದೋ ಸರಿಸುಮಾರು ಅದನ್ನೇ ಈ ಮೋಡ್ ತೋರಿಸುತ್ತದೆ. ತಿಳಿನೀಲಿ ಕೊಳೆ ಹಸಿರಾಗುವುದು, ಹಳದಿ ಕಾಣದಂತಾಗುವುದು, ಬಿಳಿ ಮಾಯವಾಗುವುದು ಅಲ್ಲೇ ಗೊತ್ತಾಗುತ್ತದೆ. ಆಮೇಲೂ ಆರ್ಡರ್ ಕೊಡುವ ಮುನ್ನ ಅದೇ ಪೌಚಿನ ಮೇಲೆ ಒಂದು ಪ್ರೂಫ್ ಕೇಳಿ. ಬಿಳಿ ಹಾಳೆಯ ಮೇಲಿನ ಪ್ರೂಫ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು ಬೇರೆ ಕಾಗದದ ಸುದ್ದಿ ಹೇಳುತ್ತದೆ.

ಬಿಳಿ ಇಂಕಿನ ತಳ ಹಾಕಿ ಅದರ ಮೇಲೆ ಫೋಟೊ ಅಚ್ಚು ಮಾಡಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಮಾಡಬಹುದು. ಕ್ರಾಫ್ಟ್ ಅದನ್ನೂ ಹೀರುವುದರಿಂದ ಒಂದೇ ಕೋಟು ಹಾಕಿದರೆ ಬಿಳಿ ಮಂಕಾಗಿ, ಬೂದಿಯಂತೆ ಕಾಣುತ್ತದೆ. ಹಲವು ಬಾರಿ ಎರಡು ಕೋಟು ಬೇಕಾಗುತ್ತದೆ. ಆದರೆ ನನ್ನ ತಕರಾರು ಖರ್ಚಿನದಲ್ಲ. ಕಂದು ಕಾಗದವನ್ನು ಆರಿಸಿಕೊಂಡು, ಅದರ ಮುಖದ ಮುಕ್ಕಾಲು ಭಾಗಕ್ಕೆ ಬಿಳಿ ಬಳಿದು, ಅದರ ಮೇಲೆ ಹೊಳೆಯುವ ಫೋಟೊ ಕೂರಿಸಿದರೆ ಕ್ರಾಫ್ಟ್ ಯಾಕೆ ಬೇಕಿತ್ತು?

ಆದ್ದರಿಂದ ಕೆಲಸವನ್ನು ಎರಡಾಗಿ ಹಂಚಿ. ಪೌಚ್ ಮೇಲೆ ಗೆರೆಚಿತ್ರ ಮಾತ್ರ ಇರಲಿ, ಬೀಜ ಅಥವಾ ಎಲೆ, ಒಂದೇ ಗಾಢ ಬಣ್ಣದಲ್ಲಿ. ಕಪ್ಪು, ಗಾಢ ಹಸಿರು, ಇಟ್ಟಿಗೆ ಕೆಂಪಿನ ಗಾಢ ಛಾಯೆ, ಇವು ಕ್ರಾಫ್ಟ್ ಮೇಲೆ ಗಟ್ಟಿಯಾಗಿ ಕೂರುತ್ತವೆ. ಹಬೆ, ಹೊಳಪು, ಡಿಕಾಕ್ಷನ್‌ನ ಬಣ್ಣ, ಇವೆಲ್ಲ ಫೋಟೊದ ಪಾಲು. ಅವು ವೆಬ್ ಪುಟಕ್ಕೂ ಬಿಳಿ ಲೇಬಲ್‌ಗೂ ಹೋಗಲಿ.

ಗೆರೆಚಿತ್ರದಲ್ಲಿ ಒಂದೆರಡು ಎಚ್ಚರ. ಗೆರೆ ಕೂದಲೆಳೆಯಷ್ಟು ತೆಳ್ಳಗಿದ್ದರೆ ಕಾಗದದ ನಾರಿನಲ್ಲಿ ತುಂಡಾಗುತ್ತದೆ. ಕಾಲು ಮಿಲಿಮೀಟರಿಗಿಂತ ಕಡಿಮೆ ಇಡಬೇಡಿ. ಗಾಢ ಪಟ್ಟಿಯೊಳಗೆ ಕಾಗದದ ಬಣ್ಣದಲ್ಲೇ ಅಕ್ಷರ ಬಿಡುವುದಾದರೆ ಇನ್ನೂ ದಪ್ಪಗಿರಬೇಕು, ಸುತ್ತಲಿನ ಇಂಕು ಹರಡಿ ಅಕ್ಷರದ ಹೊಟ್ಟೆ ತುಂಬಿಬಿಡುತ್ತದೆ. ಕನ್ನಡ ಅಕ್ಷರಕ್ಕಂತೂ ಇದು ದೊಡ್ಡ ತೊಂದರೆ. ಒತ್ತಕ್ಷರದ ಸಣ್ಣ ಸುಳಿಗಳೇ ಮೊದಲು ಮುಚ್ಚುವುದು. ಬೀಜ ಬರೆಸುವಾಗ ನಿಜವಾದ ಬೀಜವನ್ನು ಕಲಾವಿದರ ಕೈಗೆ ಕೊಡಿ. ಅಂಡಾಕಾರದ ನಡುವೆ ಒಂದು ನೆಟ್ಟನೆಯ ಗೆರೆ ಎಳೆದರೆ ಅದು ಗೋಧಿಕಾಳಿನ ಹಾಗೂ ಕಾಣಬಹುದು. ಕಾಫಿ ಬೀಜದ ಸೀಳು ಸಾಮಾನ್ಯವಾಗಿ ಸ್ವಲ್ಪ ಬಳುಕಿರುತ್ತದೆ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು.

ಕಪ್ಪಿನ ಮೇಲೆ ಮೂರು ಬಳುಕು ಗೆರೆ ಎಳೆದು ಹಬೆ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಆ ಮೂರು ಗೆರೆ ಸೂಪಿಗೂ ಇದೆ, ಇಸ್ತ್ರಿ ಪೆಟ್ಟಿಗೆಗೂ ಇದೆ, ಬಿಸಿನೀರಿನ ನಲ್ಲಿಗೂ ಇದೆ. ನಿಮ್ಮ ಕಾಫಿಯ ಬಗ್ಗೆ ಅದು ಒಂದು ಮಾತನ್ನೂ ಹೇಳುವುದಿಲ್ಲ.

ಈಗ ಫೋಟೊಗೆ ಬರುತ್ತೇನೆ. ನಿಮ್ಮ ಹಬೆ ಎಲ್ಲಿ ಹೋಯಿತು?

ಆವಿ ಕಣ್ಣಿಗೆ ಕಾಣುವುದಿಲ್ಲ. ಕಾಫಿಯಿಂದ ಎದ್ದ ಆವಿ ತಣ್ಣನೆಯ ಗಾಳಿಗೆ ತಾಗಿ ಮತ್ತೆ ಸೂಕ್ಷ್ಮ ಹನಿಗಳಾದಾಗ ಮಾತ್ರ ನಾವು ಅದನ್ನು ಹಬೆ ಎಂದು ನೋಡುತ್ತೇವೆ. ಆ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುವುದಿಲ್ಲ. ಹೆಚ್ಚಿನ ಪಾಲು ಬೆಳಕು ಹೋಗುತ್ತಿದ್ದ ದಿಕ್ಕಿನಲ್ಲೇ, ಮುಂದಕ್ಕೇ, ಚೆಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಕಿಟಕಿ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ನೋಡಿ. ಬೆಳಕಿಗೆ ಎದುರಾಗಿ ನಿಂತರೆ ಧೂಳಿನ ಕಣಕಣವೂ ಹೊಳೆಯುತ್ತದೆ, ಬೆಳಕಿಗೆ ಬೆನ್ನು ಹಾಕಿ ನೋಡಿದರೆ ಮಂಕಾಗುತ್ತದೆ. ಹಬೆಯದೂ ಅದೇ ಕಥೆ. ನೀವು ಕಿಟಕಿಯನ್ನು ಬೆನ್ನಿಗಿಟ್ಟುಕೊಂಡು ಅಥವಾ ಫ್ಲ್ಯಾಶ್ ಹಾಕಿ ಫೋಟೊ ತೆಗೆದಿದ್ದೀರಿ ಎಂದು ಪಂದ್ಯ ಕಟ್ಟಬಲ್ಲೆ. ಆಗ ಬೆಳಕೆಲ್ಲ ಹಬೆಯನ್ನು ದಾಟಿ ಹಿಂದಿನ ಗೋಡೆಗೆ ಹೋಗುತ್ತದೆ. ಗೋಡೆ ಬೇರೆ ಬಿಳಿಯಾಗಿದ್ದರೆ ಮುಗಿದೇ ಹೋಯಿತು, ಬಿಳಿಯ ಮುಂದೆ ಬಿಳಿ.

ಹಾಗಾಗಿ ಎರಡು ಬೇಕು: ಹಿಂದಿನಿಂದ ಬೆಳಕು, ಹಿಂದೆ ಕತ್ತಲು. ಕೇಳಿದರೆ ಎರಡೂ ಒಂದಕ್ಕೊಂದು ವಿರುದ್ಧ ಅನಿಸುತ್ತದೆ, ಆದರೆ ಒಂದೇ ಕಿಟಕಿಯಲ್ಲಿ ಮಾಡಬಹುದು. ಮೇಜನ್ನು ಗಡಿಯಾರದ ಮುಖ ಎಂದುಕೊಳ್ಳಿ. ಕಪ್ ನಡುವೆ, ನಿಮ್ಮ ಫೋನು ಆರರ ಜಾಗದಲ್ಲಿ. ಕಿಟಕಿ ಹತ್ತು ಅಥವಾ ಹನ್ನೊಂದರ ಕಡೆ ಇರುವಂತೆ ಮೇಜು ತಿರುಗಿಸಿ. ಹನ್ನೆರಡರ ಕಡೆ, ಕಪ್ಪಿನಿಂದ ಒಂದು ಮೀಟರ್ ಹಿಂದೆ, ಕಪ್ಪು ಬಟ್ಟೆ ಅಥವಾ ಗಾಢ ಕಂದು ಹಲಗೆ ನಿಲ್ಲಿಸಿ. ಕಿಟಕಿಯ ಬೆಳಕು ಅದರ ಮೇಲೆ ಬೀಳಬಾರದು. ಬಿದ್ದರೆ ಕಿಟಕಿಗೂ ಹಲಗೆಗೂ ನಡುವೆ ಒಂದು ರಟ್ಟು ಇಡಿ. ಫೋನನ್ನು ಮೇಜಿನ ಮಟ್ಟಕ್ಕೆ, ಕಪ್ಪಿನ ಅಂಚಿಗಿಂತ ಸ್ವಲ್ಪವೇ ಮೇಲೆ ಇಳಿಸಿ. ಮೇಲಿನಿಂದ ತೆಗೆದರೆ ಹಬೆಯ ಹಿಂದೆ ಬರುವುದು ಮೇಜು, ಕತ್ತಲಲ್ಲ. ನೇರ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಹಬೆ ಅಷ್ಟಾಗಿ ಕಾಣದಿರುವುದು ಇದೇ ಕಾರಣಕ್ಕೆ.

ಹಿಂದಿನಿಂದ ಬೆಳಕು ಬಂದರೆ ಕಪ್ಪಿನ ನಿಮ್ಮ ಕಡೆಯ ಮೈ ಕತ್ತಲಾಗುತ್ತದೆ. ಅದಕ್ಕೆ ನಾಲ್ಕು ಗಂಟೆಯ ಜಾಗದಲ್ಲಿ, ಚಿತ್ರದ ಚೌಕಟ್ಟಿಗೆ ಸ್ವಲ್ಪ ಹೊರಗೆ, ಬಿಳಿ ಕಾರ್ಡು ಹಿಡಿದರೆ ಸಾಕು, ಕಿಟಕಿಯ ಬೆಳಕೇ ಅದಕ್ಕೆ ಬಡಿದು ಮರಳುತ್ತದೆ. ಬಿಳಿ ಕಪ್ ಬದಲು ಮಣ್ಣಿನ ಬಣ್ಣದ ಅಥವಾ ಬೂದು ಪಿಂಗಾಣಿ ಕಪ್ ಬಳಸಿ ನೋಡಿ. ಬಿಳಿ ಕಪ್ಪಿನ ಅಂಚು ಹಿಂಬೆಳಕಿನಲ್ಲಿ ಸುಟ್ಟಂತೆ ಹೊಳೆದು ಕಣ್ಣನ್ನು ಹಬೆಯಿಂದ ಎಳೆದುಕೊಂಡುಬಿಡುತ್ತದೆ.

ಹಬೆ ಹೆಚ್ಚು ಬೇಕೆಂದರೆ ಕೋಣೆ ತಣ್ಣಗಿರಬೇಕು. ತಣ್ಣನೆಯ ಗಾಳಿ ಕಡಿಮೆ ಆವಿಯನ್ನು ಹಿಡಿಯುತ್ತದೆ, ಉಳಿದದ್ದು ಹನಿಯಾಗಿ ಕಾಣುತ್ತದೆ. ಒಣ ಬಿಸಿಲಿನ ಮಧ್ಯಾಹ್ನ ಎಷ್ಟು ಕುದಿಯುವ ಕಾಫಿ ಸುರಿದರೂ ಹಬೆ ಎದ್ದ ಗಳಿಗೆಯಲ್ಲೇ ಆರಿಹೋಗುತ್ತದೆ, ಅದಕ್ಕೇ ನಾನು ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುತ್ತೇನೆ. ಫ್ಯಾನ್ ಆಫ್, ಬಾಗಿಲು ಮುಚ್ಚಿ, ಉಸಿರನ್ನೂ ಆ ಕಡೆ ಬಿಡಬೇಡಿ. ಕಪ್ಪನ್ನು ಮೊದಲೇ ಬಿಸಿನೀರಿನಲ್ಲಿ ಕಾಯಿಸಿಡಿ, ಇಲ್ಲದಿದ್ದರೆ ಸುರಿದ ಕಾಫಿಯ ಕಾವನ್ನು ಕಪ್ಪೇ ಹೀರಿಕೊಳ್ಳುತ್ತದೆ. ಫೋಕಸ್, ಬೆಳಕು, ಚೌಕಟ್ಟು ಎಲ್ಲವನ್ನೂ ಬೇರೆ ಕಪ್ಪಿಟ್ಟು ಹೊಂದಿಸಿಕೊಂಡು ಕೊನೆಯಲ್ಲಿ ಕಾಫಿ ಸುರಿಯಿರಿ. ಒಳ್ಳೆಯ ಹಬೆ ಸಿಗುವುದು ಮೊದಲ ಒಂದೆರಡು ನಿಮಿಷ ಮಾತ್ರ, ಅಷ್ಟರಲ್ಲಿ ಇಪ್ಪತ್ತು ಮೂವತ್ತು ಫೋಟೊ ತೆಗೆದಿರಬೇಕು. ಆರಿದ ಕಾಫಿಯನ್ನು ಮತ್ತೆ ಕಾಯಿಸಿ ತಂದರೆ ಕಪ್ಪಿನ ಒಳಗೋಡೆಯಲ್ಲಿ ಕರೆ ಕಟ್ಟಿರುತ್ತದೆ, ಮೇಲೆ ಎಣ್ಣೆಯ ಉಂಗುರಗಳು ತೇಲುತ್ತವೆ, ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಫೋನಿನ ಸೆಟ್ಟಿಂಗು. ಫ್ಲ್ಯಾಶ್ ಆಫ್ ಇರಲಿ. `HDR` ಮತ್ತು ನೈಟ್ ಮೋಡ್ ಕೂಡ ಆಫ್ ಮಾಡಿ, ಅವು ಒಂದರ ಹಿಂದೊಂದು ತೆಗೆದ ಹಲವು ಫೋಟೊಗಳನ್ನು ಸೇರಿಸುತ್ತವೆ, ಅಷ್ಟರಲ್ಲಿ ಹಬೆ ಜಾಗ ಬದಲಿಸಿರುತ್ತದೆ, ಎಳೆಗಳೆಲ್ಲ ಕಲಸಿ ಮಂಜಾಗುತ್ತವೆ. ಪ್ರೊ ಮೋಡ್ ಇದ್ದರೆ ಶಟರ್ ವೇಗ ಸೆಕೆಂಡಿನ 1/60ರಿಂದ 1/125ರ ನಡುವೆ ಇಟ್ಟು ನೋಡಿ. ಅದಕ್ಕಿಂತ ನಿಧಾನವಾದರೆ ಹಬೆ ಬರೀ ಮಬ್ಬು. ಬಹಳ ವೇಗವಾದರೆ ಎಳೆ ಚೂಪಾಗಿ ನಿಲ್ಲುತ್ತದೆ, ಆ ಮೃದುತನ ಹೋಗುತ್ತದೆ, ಚಿತ್ರವೂ ಕತ್ತಲಾಗುತ್ತದೆ. ಪ್ರೊ ಮೋಡ್ ಇಲ್ಲದಿದ್ದರೆ ಕಪ್ಪಿನ ಅಂಚಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆಳೆಯಿರಿ.

ಕೃತಕ ಹಬೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಆ ಆಸೆ ಬರುತ್ತದೆ. ನನಗೂ ಬಂದಿತ್ತು. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರ ಕ್ಯಾಟಲಾಗಿಗೆ ಕಪ್ಪಿನ ಹಿಂದೆ ಊದುಬತ್ತಿ ಹಚ್ಚಿಟ್ಟು ಫೋಟೊ ತೆಗೆದೆ. ನನ್ನ ಕಣ್ಣಿಗೆ ಸೊಗಸಾಗಿಯೇ ಕಂಡಿತ್ತು. ಅವರು ನೋಡಿದವರೇ "ಏನೋ ಸುಡುತ್ತಿದೆಯಲ್ಲ?" ಅಂದರು. ಹೌದು, ಹೊಗೆಯ ಕಣ ಹಬೆಯ ಹನಿಗಿಂತ ಬಹಳ ಚಿಕ್ಕದು, ಅದು ನೀಲಿ ಬೆಳಕನ್ನು ಹೆಚ್ಚು ಚೆಲ್ಲುತ್ತದೆ, ಆದ್ದರಿಂದ ಕತ್ತಲ ಹಿನ್ನೆಲೆಯಲ್ಲಿ ಹೊಗೆ ನೀಲಿಛಾಯೆ ತಳೆಯುತ್ತದೆ, ಹಬೆ ಬೆಳ್ಳಗೆ ಉಳಿಯುತ್ತದೆ. ನಡೆಯೂ ಬೇರೆ. ಹೊಗೆ ಒಂದು ಬಿಂದುವಿನಿಂದ ದಾರದ ಹಾಗೆ ಎದ್ದು ಎತ್ತರದವರೆಗೂ ಆರದೆ ಹೋಗುತ್ತದೆ. ಹಬೆ ಕಾಫಿಯ ಮೈತುಂಬ ಏಳುತ್ತದೆ, ಒಂದು ಗೇಣು ಏರುವಷ್ಟರಲ್ಲಿ ಕರಗುತ್ತದೆ. ಜನಕ್ಕೆ ಈ ವ್ಯತ್ಯಾಸ ಬಾಯಲ್ಲಿ ಹೇಳಲು ಬರದಿರಬಹುದು, ಕಣ್ಣಿಗೆ ಚೆನ್ನಾಗಿ ಗೊತ್ತು.

ನಾನೀಗ ಬಳಸುವ ದಾರಿ ಬೇರೆ. ಫೋನನ್ನೋ ಕ್ಯಾಮೆರಾವನ್ನೋ ಸ್ಟ್ಯಾಂಡಿಗೆ ಬಿಗಿದು ಕಾಫಿಯ ಚಿತ್ರ ತೆಗೆದುಕೊಳ್ಳುತ್ತೇನೆ. ಆಮೇಲೆ ಅದೇ ಕಪ್ಪನ್ನು ಅದೇ ಜಾಗದಲ್ಲಿಟ್ಟು ಕುದಿಯುವ ನೀರು ಸುರಿದು, ಬಿಳಿ ಕಾರ್ಡು ತೆಗೆದು, ಹಿಂಬೆಳಕೊಂದರಲ್ಲೇ ಹಬೆಯನ್ನು ಮಾತ್ರ ತೆಗೆಯುತ್ತೇನೆ. ಕುದಿಯುವ ನೀರು ಕುಡಿಯುವ ಹದದ ಕಾಫಿಗಿಂತ ಬಿಸಿ, ಹಬೆ ಧಾರಾಳ. ಈ ಎರಡನೇ ಚಿತ್ರದಿಂದ ಹಬೆಯ ಭಾಗವನ್ನಷ್ಟೇ ಉಳಿಸಿಕೊಂಡು ಮೊದಲನೆಯದರ ಮೇಲೆ `Screen` ಮೋಡಿನಲ್ಲಿಟ್ಟರೆ ಕಪ್ಪು ಹಿನ್ನೆಲೆ ಮಾಯವಾಗಿ ಹಬೆ ಉಳಿಯುತ್ತದೆ. ಇದು ಮೋಸವೇ? ಹಬೆ ನಿಜದ್ದು, ಕಪ್ ಅದೇ, ಬೆಳಕು ಅದೇ, ನನ್ನ ಮನಸ್ಸಿಗೆ ಚುಚ್ಚುವುದಿಲ್ಲ. ತಣ್ಣನೆಯ ಕೋಲ್ಡ್ ಬ್ರೂ ಮೇಲೆ ಹಬೆ ಕೂರಿಸಿದರೆ ಚುಚ್ಚಬೇಕು. ಅಂಥದ್ದನ್ನೂ ನೋಡಿದ್ದೇನೆ, ಮಂಜುಗಡ್ಡೆ ತೇಲುವ ಗ್ಲಾಸಿನ ಮೇಲೆ.

ಇನ್ನು ಇದ್ದಿಲಾದ ಬೀಜ. ಕ್ಯಾಮೆರಾಕ್ಕೆ ಬೀಜ ಯಾವುದು ಕಪ್ ಯಾವುದು ಎಂದು ಗೊತ್ತಿಲ್ಲ. ಚೌಕಟ್ಟಿನಲ್ಲಿರುವುದೆಲ್ಲ ಸೇರಿ ಸರಾಸರಿ ಒಂದು ನಡುಬೂದು ಆಗುವಂತೆ ಅದು ಬೆಳಕನ್ನು ಹೊಂದಿಸುತ್ತದೆ. ಬಿಳಿ ಕಪ್, ಬಿಳಿ ಮೇಜು, ಪಕ್ಕದಲ್ಲಿ ಒಂದು ಹಿಡಿ ಬೀಜ ಇಟ್ಟರೆ ಬಿಳಿಯನ್ನು ತಗ್ಗಿಸಲು ಹೋಗಿ ಬೀಜವನ್ನು ಕತ್ತಲಿಗೆ ತಳ್ಳುತ್ತದೆ. ತಮಾಷೆ ಎಂದರೆ ಚೌಕಟ್ಟಿನ ತುಂಬ ಬೀಜವೇ ಇದ್ದಾಗ ಇದು ತಿರುಗಿಬೀಳುತ್ತದೆ. ಇಷ್ಟು ಕತ್ತಲೇಕೆ ಎಂದು ಕ್ಯಾಮೆರಾ ಬೆಳಕು ಏರಿಸಿ, ನೀವು ಗಾಢವಾಗಿ ಹುರಿದ ಬೀಜವನ್ನು ಹಾಲು ಬೆರೆಸಿದ ಕಂದು ಮಾಡಿಬಿಡುತ್ತದೆ. ಬೇರೆ ಸರಕಿನ ಫೋಟೊದಲ್ಲಿ ಇಷ್ಟು ಹೆಚ್ಚುಕಮ್ಮಿ ನಡೆಯುತ್ತದೆ. ನಿಮ್ಮಲ್ಲಿ ನಡೆಯದು, ಏಕೆಂದರೆ ಬೀಜದ ಬಣ್ಣವೇ ನೀವು ಮಾರುತ್ತಿರುವ ಹದ. ಲೈಟ್ ರೋಸ್ಟ್ ಎಂದು ಬರೆದು ಇದ್ದಿಲು ತೋರಿಸಿದರೆ ಲೈಟ್ ಬೇಕಾದವರು ಮುಂದೆ ಹೋಗುತ್ತಾರೆ, ಡಾರ್ಕ್ ಬೇಕಾದವರು ಕೊಂಡು ಬೈಯುತ್ತಾರೆ.

ಒಂದು ಬೂದು ಕಾರ್ಡು ಕೊಳ್ಳಿ, ಫೋಟೊ ಅಂಗಡಿಗಳಲ್ಲಿ ಗ್ರೇ ಕಾರ್ಡ್ ಎಂದು ಸಿಗುತ್ತದೆ. ಬೀಜದ ಜಾಗದಲ್ಲಿ ಅದನ್ನಿಟ್ಟು ಬೆಳಕನ್ನೂ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡಿ, ಆಮೇಲೆ ಕಾರ್ಡು ತೆಗೆದು ಬೀಜ ಸುರಿಯಿರಿ. ನಿಮ್ಮಲ್ಲಿ ಎಷ್ಟು ರೋಸ್ಟ್ ಇವೆಯೋ ಅಷ್ಟನ್ನೂ ಒಂದೇ ಸಲ, ಅದೇ ಬೆಳಕಿನಲ್ಲಿ, ಲಾಕ್ ಬಿಚ್ಚದೆ ತೆಗೆಯಿರಿ. ಒಂದನ್ನು ಬೆಳಗ್ಗೆ, ಇನ್ನೊಂದನ್ನು ಸಂಜೆ ಹಳದಿ ಬಲ್ಬಿನ ಕೆಳಗೆ ತೆಗೆದರೆ ಮೀಡಿಯಮ್ ಡಾರ್ಕ್ ಆಗಿ ಕಾಣುತ್ತದೆ, ಪಕ್ಕದ ಕ್ರಾಫ್ಟ್ ಪೌಚ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಂದು ಎಂದರೆ ಮೂಲದಲ್ಲಿ ಗಾಢ ಕಿತ್ತಳೆಯೇ, ಹಳದಿ ಬೆಳಕು ಬಿದ್ದೊಡನೆ ಅದು ಹೊರಬರುತ್ತದೆ. ಕೊನೆಗೆ ಒಂದು ಹಿಡಿ ಬೀಜವನ್ನು ಪರದೆಯ ಪಕ್ಕದಲ್ಲಿ ಹಿಡಿದು ನೋಡಿ. ಈ ಪರೀಕ್ಷೆಯಲ್ಲಿ ನಿಖರತೆ ಸ್ವಲ್ಪ ಕಡಿಮೆ, ಆದರೆ ದೊಡ್ಡ ತಪ್ಪು ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಬೀಜದ ಹೊಳಪೂ ಹದದ ಮಾತೇ. ಎರಡನೇ ಕ್ರ್ಯಾಕ್, ಅಂದರೆ ಬೀಜದ ಕಾವು ಸುಮಾರು 225 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದ ಮೇಲೆ ಎಣ್ಣೆ ಹೊರಮೈಗೆ ಬರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲೈಟ್ ರೋಸ್ಟ್ ಒಣಗಿರುತ್ತದೆ, ಸೀಳಿನಲ್ಲಿ ತಿಳಿಬಣ್ಣದ ಸಿಪ್ಪೆ ಉಳಿದಿರುತ್ತದೆ. ಫೋಟೊ ಚೆಂದ ಬರಲಿ ಎಂದು ಅದಕ್ಕೆ ಎಣ್ಣೆ ಸವರುವವರಿದ್ದಾರೆ. ಬಲ್ಲವರು ಅದನ್ನು ನೋಡಿ ಒಂದೋ ಡಾರ್ಕ್ ಅಂದುಕೊಳ್ಳುತ್ತಾರೆ, ಇಲ್ಲವೇ ಹಳೇ ಸ್ಟಾಕು ಅಂದುಕೊಳ್ಳುತ್ತಾರೆ. ಒಣ ಬೀಜಕ್ಕೆ ಬೇಕಾದದ್ದು ಓರೆಯಾಗಿ ಬೀಳುವ ಬೆಳಕು. ಅದು ಮೈಯ ಸುಕ್ಕನ್ನೂ ಸೀಳಿನ ಸಿಪ್ಪೆಯನ್ನೂ ಎತ್ತಿ ತೋರಿಸುತ್ತದೆ. ಎಣ್ಣೆ ಬೀಜಕ್ಕೆ ಮಾತ್ರ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ. ಎಣ್ಣೆಯ ಮೇಲೆ ಕಾಣುವ ಹೊಳಪು ಬೆಳಕಿನ ಮೂಲದ ಪ್ರತಿಬಿಂಬ, ಮೂಲ ದೊಡ್ಡದಾಗಿ ಮೃದುವಾದರೆ ಹೊಳಪೂ ಚುಕ್ಕಿಯಾಗದೆ ಮೈಮೇಲೆ ಹರಿಯುತ್ತದೆ.

ಮುಂದೆ ಕಾಣುವ ಐವತ್ತು ಅರವತ್ತು ಬೀಜವನ್ನು ಆರಿಸಿ ಇಡಿ. ಒಡೆದವು ಬೇಡ, ಹಾಗೆಯೇ ಎಷ್ಟು ಹುರಿದರೂ ಬಣ್ಣ ಬಾರದ ಪೇಲವ ಬೀಜಗಳೂ ಬೇಡ. ಬಲಿಯದ ಹಣ್ಣಿನಿಂದ ಬರುವ ಆ ಬೀಜ ಚಿತ್ರದಲ್ಲಿ ಒಂದೇ ಒಂದಿದ್ದರೂ ಮೊದಲು ಅದೇ ಕಾಣುತ್ತದೆ. ಆದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಜೋಡಿಸಬೇಡಿ. ಕೆಲವಕ್ಕೆ ಸೀಳು ಮೇಲೆ, ಕೆಲವಕ್ಕೆ ಬೆನ್ನು ಮೇಲೆ, ಒಂದೆರಡು ರಾಶಿಯಿಂದ ಜಾರಿ ಬಿದ್ದಿರಲಿ.

ಟೀ ಬಗ್ಗೆ ಒಂದೇ ದೊಡ್ಡ ಮಾತು: ಪೊಟ್ಟಣದಲ್ಲಿ ಏನಿದೆಯೋ ಅದನ್ನು ತೋರಿಸಿ. ಬಹುತೇಕರು ಹಸಿರು ಎರಡೆಲೆ ಒಂದು ಮೊಗ್ಗು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಒಳಗಿರುವುದು ಸಿಟಿಸಿ ಟೀ ಆದರೆ ಅದು ಕಂದು ಹರಳಿನಂಥ ಪುಡಿ. ಆರ್ಥೊಡಾಕ್ಸ್ ಆದರೆ ತಿರುಚಿದ ಎಲೆಯ ಎಳೆಗಳು, ಒಳ್ಳೆಯದರಲ್ಲಿ ನಡುನಡುವೆ ಹೊಂಬಣ್ಣದ ತುದಿಗಳು. ಆ ಎಳೆಗಳನ್ನು ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದರೆ ಹಸಿರೆಲೆಗಿಂತ ನೂರು ಪಾಲು ನಿಮ್ಮದಾದ ಚಿತ್ರ ಸಿಗುತ್ತದೆ. ಸಿಟಿಸಿಯನ್ನು ಹತ್ತಿರದಿಂದ ತೆಗೆದರೆ ಮಾತ್ರ ಜಲ್ಲಿ ಕಂಡಂತಾಗುತ್ತದೆ. ಅದಕ್ಕೆ ಡಿಕಾಕ್ಷನ್ನೇ ಚಿತ್ರ, ಗಾಜಿನ ಲೋಟದಲ್ಲಿ, ಮತ್ತೆ ಅದೇ ಹಿಂಬೆಳಕಿನಲ್ಲಿ. ಬೇಗ ತೆಗೆಯಿರಿ. ಗಟ್ಟಿ ಟೀ ಆರುತ್ತಾ ಹೋದಂತೆ ಅದರ ಬಣ್ಣದ ಅಂಶಗಳು ಕೆಫೀನ್ ಜೊತೆ ಕೂಡಿಕೊಂಡು ಕದಡಿದಂತೆ ಕಾಣುತ್ತದೆ. ಗಡಸು ನೀರಾದರೆ ಮೇಲೆ ಎಣ್ಣೆಯ ಪೊರೆಯಂಥ ಕೆನೆಯೂ ಕಟ್ಟುತ್ತದೆ, ಶುದ್ಧೀಕರಿಸಿದ ನೀರು ಬಳಸಿದರೆ ಈ ತೊಂದರೆ ಕಡಿಮೆ. ನಿಂಬೆರಸ ಒಂದು ಹನಿ ಹಾಕಿದರೂ ಪೊರೆ ಹೋಗುತ್ತದೆ, ಆದರೆ ಟೀ ಬಣ್ಣವೇ ತಿಳಿಯಾಗಿಬಿಡುತ್ತದೆ.

ಗೆರೆಚಿತ್ರಕ್ಕೆ ಹಸಿರೆಲೆಯೇ ಬೇಕು ಎಂದಾದರೆ ಟೀ ಎಲೆಯನ್ನೇ ಬರೆಸಿ. ಅದರ ಅಂಚು ಗರಗಸದ ಹಲ್ಲಿನಂತೆ ಸಣ್ಣಗೆ ಕಚ್ಚಿರುತ್ತದೆ, ಪಕ್ಕದ ನರಗಳು ಅಂಚು ಮುಟ್ಟುವ ಮೊದಲೇ ಬಾಗಿ ಒಂದಕ್ಕೊಂದು ಕೂಡುತ್ತವೆ. ಕಾಫಿ ಎಲೆಗೆ ಹಲ್ಲಿಲ್ಲ, ಅಂಚು ಅಲೆಯಲೆಯಾಗಿರುತ್ತದೆ, ಕೊಂಬೆಯ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತದೆ. ಬಿಟ್ಟಿ ಸಿಗುವ ಚಿತ್ರಗಳಲ್ಲಿ ಪುದೀನ ಎಲೆ ಟೀ ಹೆಸರಿನಲ್ಲಿ ಓಡಾಡುತ್ತಿರುತ್ತದೆ, ಎಚ್ಚರ.

ಮಣ್ಣಿನ ಸೊಗಡು ಎಂದಿರಲ್ಲ, ಅದರ ಬಗ್ಗೆಯೂ ಒಂದು ಮಾತು. ಬರೀ ಕ್ರಾಫ್ಟ್ ಕಾಗದ ಗಾಳಿಯನ್ನೂ ತೇವವನ್ನೂ ತಡೆಯುವುದಿಲ್ಲ. ಆದ್ದರಿಂದ ಕಾಫಿ ಪೌಚಿನ ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ, ಜೊತೆಗೆ ಅಲ್ಯೂಮಿನಿಯಂ ಹಾಳೆ ಅಥವಾ ಲೋಹ ಲೇಪಿಸಿದ ಫಿಲ್ಮ್ ಇರುತ್ತದೆ. ಹುರಿದ ಬೀಜ ಬಿಡುವ ಕಾರ್ಬನ್ ಡೈಆಕ್ಸೈಡ್ ಹೊರಹೋಗಲು ಒಮ್ಮುಖದ ವಾಲ್ವ್ ಕೂಡ. ಹೀಗೆ ಅಂಟಿಸಿದ ಪದರಗಳನ್ನು ಬೇರ್ಪಡಿಸುವುದು ಕಷ್ಟ, ಅದು ಹಳೆ ಪೇಪರಿನ ಜೊತೆ ಮರುಬಳಕೆಗೆ ಹೋಗುವ ವಸ್ತುವಲ್ಲ. ಹಾಗಿರುವಾಗ ಅದರ ಮೇಲೆ ಮರುಬಳಕೆಯ ಬಾಣದ ಗುರುತು ಅಥವಾ ಚಿಗುರೆಲೆಯ ಗುರುತು ಹಾಕಿಸಬೇಡಿ. ಒಳಪದರ ಏನೆಂದು ಪೌಚ್ ಮಾರಿದವರನ್ನು ಬರವಣಿಗೆಯಲ್ಲಿ ಕೇಳಿ, ಅವರು ಕೊಟ್ಟ ಉತ್ತರ ಎಷ್ಟಕ್ಕೆ ಬೆಂಬಲ ಕೊಡುತ್ತದೋ ಅಷ್ಟನ್ನೇ ಬರೆಯಿರಿ. ಕಾಗದದ ಒರಟುತನ ಫೋಟೊದಲ್ಲಿ ಕಾಣಲು ಬೆಳಕು ಪೌಚಿನ ಮುಖವನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬರಲಿ. ಎದುರಿನಿಂದ ಬಂದರೆ ನಾರು ಕಾಣುವುದಿಲ್ಲ, ರಟ್ಟಿನ ತುಂಡಿನಂತೆ ಚಪ್ಪಟೆಯಾಗುತ್ತದೆ.

ಈಗಾಗಲೇ ಅಚ್ಚಾಗಿ ಬಿದ್ದಿರುವ ಪೌಚುಗಳನ್ನು ಎಸೆಯಬೇಕಿಲ್ಲ. ಆ ಕೆಸರು ಚಿತ್ರ ಮುಚ್ಚುವಂತೆ, ಸುತ್ತ ಮೂರು ಮಿಲಿಮೀಟರ್ ಹೆಚ್ಚು ಬರುವಂತೆ ಬಿಳಿ ಲೇಬಲ್ ಮಾಡಿಸಿ. ಹೊಸ ಫೋಟೊ ಅದರ ಮೇಲೆ ಚೆನ್ನಾಗಿಯೇ ಬರುತ್ತದೆ, ರೋಸ್ಟ್ ಬದಲಾದಾಗ ಲೇಬಲ್ ಬದಲಿಸಿದರೆ ಆಯಿತು. ಸಾಮಾನ್ಯ ಬಿಳಿ ಸ್ಟಿಕರಿನಲ್ಲಿ ಕೆಳಗಿನ ಕಪ್ಪು ಇಣುಕುತ್ತದೆ, ಹಿಂಬದಿಗೆ ಬೂದು ಲೇಪನವಿರುವ ಮರೆಮಾಚುವ ಬಗೆಯದನ್ನೇ ಕೇಳಿ. ವಾಲ್ವ್ ಮುಚ್ಚದಂತೆ ಜಾಗ ಬಿಡಿ. ಕ್ರಾಫ್ಟ್‌ನ ಒರಟು ಮೈಗೆ ಎಲ್ಲ ಗೋಂದೂ ಹಿಡಿಯುವುದಿಲ್ಲ, ಅದರಲ್ಲೂ ಹೊಸ ಬೀಜ ತುಂಬಿ ಪೌಚ್ ಉಬ್ಬಿದಾಗ ಮೂಲೆಗಳು ಏಳುತ್ತವೆ. ಐದಾರು ಸ್ಯಾಂಪಲ್ ತಂದು, ಪೌಚಿಗೆ ನಿಜವಾದ ಬೀಜ ತುಂಬಿ ಸೀಲ್ ಮಾಡಿ, ಲೇಬಲ್ ಅಂಟಿಸಿ ಎರಡು ದಿನ ಬಿಟ್ಟು ಮೂಲೆಗಳನ್ನು ಉಗುರಿನಿಂದ ಎಬ್ಬಿಸಿ ನೋಡಿ, ಆಮೇಲೆ ಆರ್ಡರ್ ಕೊಡಿ.